ವಾಶಿ ಆಫೀಸಿನ ನೆಟ್ ನಿಧಾನವಾದದ್ದು ಯಾವಾಗ, ಎಲ್ಲಿ: ಸ್ಕ್ರೀನ್‌ಶಾಟ್‌ಗಳಿಂದ ಹುಡುಕಿದ ಬಗೆ

ಜುಲೈ ತಿಂಗಳ ಒಂದು ಬುಧವಾರ ರಾತ್ರಿ ಊಟಕ್ಕೆ ಕೂತಿದ್ದಾಗ ಭಾವನ ಫೋನ್ ಬಂತು. ವಾಶಿಯ ಎಪಿಎಂಸಿ ಮಸಾಲೆ ಮಾರ್ಕೆಟ್‌ನಲ್ಲಿ ಅವರದು ಮೆಣಸಿನಕಾಯಿ ವ್ಯಾಪಾರ. ಬ್ಯಾಡಗಿಯಿಂದ ಮಾಲು ಬರುತ್ತದೆ, ಮುಂಬೈ, ಠಾಣೆಯ ಅಂಗಡಿಗಳಿಗೆ ಹೋಗುತ್ತದೆ. ಬಿಲ್ಲಿಂಗ್ ಸಾಫ್ಟ್‌ವೇರ್ ಇರುವುದು ಮಾತ್ರ ಬೆಂಗಳೂರಿನ ಒಂದು ಸರ್ವರ್‌ನಲ್ಲಿ. ಆಫೀಸಿನ ನಾಲ್ಕು ಕಂಪ್ಯೂಟರ್‌ಗಳಿಂದ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಅದರೊಳಗೆ ಹೋಗಿ ಬಿಲ್ ಹೊಡೆಯುತ್ತಾರೆ.

"ಸೋಮವಾರದಿಂದ ಸ್ಲೋ ಆಗಿದೆ ಮಾರಾಯ. ಇವತ್ತಂತೂ ಒಂದು ಬಿಲ್ ಮಾಡ್ಲಿಕ್ಕೆ ಹತ್ತು ನಿಮಿಷ. ನೆಟ್‌ನವರಿಗೆ ಹೇಳಿದ್ರೆ ಸೋಮವಾರ ನಮ್ಮ ಕಡೆ ಏನೂ ತೊಂದರೆ ಇರ್ಲಿಲ್ಲ ಅಂತಾರೆ. ನೀನು ಇಟ್ಟ ಆ ಪುಟ್ಟ ಡಬ್ಬಿ ಕೂಡ ಸಂಜೆಯಿಂದ ಓಪನ್ ಆಗ್ತಿಲ್ಲ."

ಪುಟ್ಟ ಡಬ್ಬಿ ಅಂದರೆ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್. ಮೂರು ತಿಂಗಳ ಹಿಂದೆ ಅದರಲ್ಲಿ ಸ್ಮೋಕ್‌ಪಿಂಗ್ ಹಾಕಿ ರೌಟರ್ ಪಕ್ಕ ಇಟ್ಟಿದ್ದೆ. ಅದು 5 ನಿಮಿಷಕ್ಕೊಮ್ಮೆ ಪ್ರತಿ ಗುರಿಗೂ 20 ಪಿಂಗ್ ಕಳಿಸಿ, ಎಷ್ಟು ಮಿಲಿಸೆಕೆಂಡ್ ಹಿಡಿಯಿತು, ಎಷ್ಟು ವಾಪಸ್ ಬರಲಿಲ್ಲ ಅಂತ ಗ್ರಾಫ್ ಬರೆಯುತ್ತದೆ. ಬುಧವಾರ ಸಂಜೆ ಅದರ ಎಸ್‌ಡಿ ಕಾರ್ಡ್ ಸತ್ತುಹೋಗಿತ್ತು. ಡೇಟಾ ಎಲ್ಲ ಅದರೊಳಗೇ. ಉಳಿದದ್ದು ಲೆಕ್ಕ ಬರೆಯುವ ಅಕ್ಕ ಆಗಾಗ ಫೋನಿನಲ್ಲಿ ತೆಗೆದು ಭಾವನಿಗೆ ವಾಟ್ಸಾಪ್ ಮಾಡಿದ್ದ ಸ್ಕ್ರೀನ್‌ಶಾಟ್‌ಗಳು ಮಾತ್ರ. ಒಟ್ಟು ಹನ್ನೊಂದು.

ಅದೃಷ್ಟಕ್ಕೆ ಬುಧವಾರ ಬೆಳಿಗ್ಗೆ ಅಕ್ಕ ನಾಲ್ಕೂ ಗುರಿಗಳ 30 ಗಂಟೆಯ ಗ್ರಾಫ್ ತೆಗೆದಿದ್ದರು. ನಾಲ್ಕು ಗುರಿಗಳು ಯಾವುವು ಅಂತ ಮೊದಲು ಹೇಳುತ್ತೇನೆ, ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ಮೊದಲನೆಯದು ಆಫೀಸಿನ ರೌಟರ್. ಎರಡನೆಯದು ನೆಟ್ ಕೊಡುವವರ ಮೊದಲ ಹಾಪ್, ಅಂದರೆ ರೌಟರ್ ದಾಟಿದ ಕೂಡಲೇ ಸಿಗುವ ಅವರ ಯಂತ್ರ. ಮೂರನೆಯದು ಮುಂಬೈಯಲ್ಲೇ ಉತ್ತರ ಕೊಡುವ ಒಂದು ಪಬ್ಲಿಕ್ ಡಿಎನ್‌ಎಸ್ ವಿಳಾಸ. ನಾಲ್ಕನೆಯದು ಬೆಂಗಳೂರಿನ ಸರ್ವರ್. ಹತ್ತಿರದಿಂದ ದೂರಕ್ಕೆ, ಒಂದೇ ದಾರಿಯ ಮೈಲಿಗಲ್ಲುಗಳ ಹಾಗೆ.

ಚಿತ್ರ ಮೊದಲು ಸರಿಯಾಗಿ ಕೈಗೆ ಬರಬೇಕು

ಭಾವ ಫಾರ್ವರ್ಡ್ ಮಾಡಿದ್ದನ್ನು ಲ್ಯಾಪ್‌ಟಾಪ್‌ನಲ್ಲಿ ತೆರೆದೆ. ಗೆರೆಗಳ ಬಣ್ಣ ಕಲಸಿ ಹೋಗಿತ್ತು. ವಾಟ್ಸಾಪ್ ಫೋಟೋವನ್ನು ಕುಗ್ಗಿಸಿ ಕಳಿಸುತ್ತದೆ. ಎರಡು ಪಿಕ್ಸೆಲ್ ದಪ್ಪದ ಗೆರೆಗೆ ಅದು ಭಾರೀ ಪೆಟ್ಟು. ಸ್ಮೋಕ್‌ಪಿಂಗ್‌ನಲ್ಲಿ ಆ ಬಣ್ಣವೇ ಮಾಹಿತಿ: ಹಸಿರು ಅಂದರೆ 20ರಲ್ಲಿ ಒಂದೂ ಕಳೆದಿಲ್ಲ, ತಿಳಿನೀಲಿ ಅಂದರೆ ಒಂದು ಕಳೆದಿದೆ, ಗಾಢ ನೀಲಿ ಅಂದರೆ ಎರಡು, ಆಮೇಲೆ ನೇರಳೆ, ಕೊನೆಗೆ ಕೆಂಪು. ತಿಳಿನೀಲಿಯೋ ಗಾಢ ನೀಲಿಯೋ ಗೊತ್ತಾಗದಿದ್ದರೆ 5 ಪರ್ಸೆಂಟೋ 10 ಪರ್ಸೆಂಟೋ ಗೊತ್ತಾಗುವುದಿಲ್ಲ.

ಅಕ್ಕನಿಗೆ ನೇರ ಫೋನ್ ಮಾಡಿ, "ಅಕ್ಕಾ, ಅದನ್ನೇ ಇನ್ನೊಮ್ಮೆ ಕಳಿಸ್ತೀರಾ? ಫೋಟೋ ಅಂತ ಬೇಡ, ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ" ಅಂದೆ. ಹತ್ತು ನಿಮಿಷದಲ್ಲಿ ಹನ್ನೊಂದೂ ಬಂದವು. ಈಗ ಗೆರೆಗಳು ಚೂಪಾಗಿದ್ದವು.

ಗಡಿಯಾರ ತಪ್ಪಿತ್ತು

ಸಮಯ ಓದುವ ಮೊದಲು ನಾನು ಯಾವಾಗಲೂ ನೋಡುವುದು ಗ್ರಾಫಿನ ಬಲ ಅಂಚು. ಗ್ರಾಫಿನ ಬಲ ಅಂಚು ಅಂದರೆ "ಈಗ". ಫೋನಿನ ಸ್ಕ್ರೀನ್‌ಶಾಟ್‌ನಲ್ಲಿ ಮೇಲ್ಗಡೆ ಫೋನಿನ ಗಡಿಯಾರವೂ ಬಂದಿರುತ್ತದೆ. ಎರಡೂ ಹೆಚ್ಚುಕಡಿಮೆ ಒಂದೇ ಆಗಿರಬೇಕು ಅಲ್ವಾ?

ಆಗಿರಲಿಲ್ಲ. ಫೋನ್ ಗಡಿಯಾರ ಬೆಳಿಗ್ಗೆ 11:02 ತೋರಿಸುತ್ತಿತ್ತು. ಗ್ರಾಫಿನ ಬಲ ಅಂಚು ಬೆಳಿಗ್ಗೆ 6:30ಕ್ಕೆ ನಿಂತಿತ್ತು. ನಾಲ್ಕೂವರೆ ಗಂಟೆ ಹಿಂದೆ.

ಲೋಕಕ್ಕೆಲ್ಲ ಒಂದೇ ಆದ ಯುಟಿಸಿ ಸಮಯ ಆಗಿದ್ದರೆ ವ್ಯತ್ಯಾಸ ಐದೂವರೆ ಗಂಟೆ ಇರಬೇಕಿತ್ತು. ನಾಲ್ಕೂವರೆ ಯಾಕೆ ಅಂತ ಸ್ವಲ್ಪ ಹೊತ್ತು ಯೋಚಿಸಿದೆ. ಆಮೇಲೆ ಹೊಳೆಯಿತು. ರಾಸ್ಪ್‌ಬೆರಿ ಪೈಯ ಸಿಸ್ಟಮ್ ನಾವು ಬದಲಾಯಿಸದಿದ್ದರೆ `Europe/London` ಟೈಮ್‌ಝೋನ್‌ನಲ್ಲಿ ಇರುತ್ತದೆ. ಲಂಡನ್‌ನಲ್ಲಿ ಬೇಸಿಗೆಗೆ ಗಡಿಯಾರ ಒಂದು ಗಂಟೆ ಮುಂದೆ ಮಾಡುತ್ತಾರೆ. ಅದಕ್ಕೇ ಜುಲೈಯಲ್ಲಿ ನಮಗೂ ಅದಕ್ಕೂ ನಾಲ್ಕೂವರೆ ಗಂಟೆ, ಡಿಸೆಂಬರ್‌ನಲ್ಲಾದರೆ ಐದೂವರೆ. ಸೆಟಪ್ ಮಾಡುವಾಗ ನಾನು ಅದನ್ನು ಬದಲಾಯಿಸಿರಲಿಲ್ಲ. ಇನ್ನುಮುಂದೆ ಗ್ರಾಫಿನಿಂದ ಓದುವ ಪ್ರತಿ ಸಮಯಕ್ಕೂ 4:30 ಕೂಡಿಸಬೇಕು ಅಂತ ಕಾಗದದ ಮೇಲೆ ದೊಡ್ಡದಾಗಿ ಬರೆದಿಟ್ಟುಕೊಂಡೆ.

ಸೋಮವಾರದ ಜಿಗಿತ

ಮೊದಲು ತೆರೆದದ್ದು ಬೆಂಗಳೂರು ಸರ್ವರ್‌ನ 10 ದಿನದ ಗ್ರಾಫ್. ಅಕ್ಕ ಸೋಮವಾರ ಬೆಳಿಗ್ಗೆ ತೆಗೆದದ್ದು. ದೂರಿನ ಮೂಲ ಅದೇ. ದಿನಾ ಮಧ್ಯಾಹ್ನದ ಒಂದು ಗುಡ್ಡ ಬಿಟ್ಟರೆ ಗೆರೆ ವಾರವಿಡೀ 25 ಮಿಲಿಸೆಕೆಂಡ್‌ನಲ್ಲಿ ನೆಟ್ಟಗೆ ಬಂದು, ಒಂದು ಕಡೆ ಮೆಟ್ಟಿಲಿನ ಹಾಗೆ 41ಕ್ಕೆ ಏರಿ, ಅಲ್ಲೇ ನೆಟ್ಟಗೆ ಮುಂದುವರಿದಿತ್ತು. ನೋಡಿದವರಿಗೆ ಗಾಬರಿ ಆಗುವ ಚಿತ್ರವೇ. ಅಕ್ಕ ಅದನ್ನು ನೋಡಿ ಭಾವನಿಗೆ ಹೇಳಿದ್ದರು, ಭಾವ "ಸೋಮವಾರದಿಂದ" ಅಂತ ನೆಟ್‌ನವರಿಗೆ ಹೇಳಿದ್ದರು.

ಆದರೆ ಆ ಗೆರೆಯನ್ನು ಗಮನ ಇಟ್ಟು ನೋಡಿ. ಏರಿದ ಮೇಲೂ ಬಣ್ಣ ಹಸಿರೇ. ಗೆರೆಯ ಸುತ್ತ ಬೂದು ಹೊಗೆ ಇಲ್ಲ. ಸ್ಮೋಕ್‌ಪಿಂಗ್‌ನಲ್ಲಿ ಆ ಹೊಗೆ ಅಂದರೆ 20 ಪಿಂಗ್‌ಗಳ ನಡುವಿನ ಹರಡು. ಕೆಲವು ಬೇಗ, ಕೆಲವು ತಡವಾಗಿ ಬಂದರೆ ಹೊಗೆ ದಪ್ಪ ಆಗುತ್ತದೆ. ಇಲ್ಲಿ 20ಕ್ಕೆ 20 ಪಿಂಗ್ 41 ಮಿಲಿಸೆಕೆಂಡ್‌ನಲ್ಲೇ ಬರುತ್ತಿದ್ದವು. ಎಲ್ಲೂ ಕ್ಯೂ ಇಲ್ಲ, ಎಲ್ಲೂ ಏನೂ ಬೀಳುತ್ತಿಲ್ಲ. ಇದು ಟ್ರಾಫಿಕ್ ಜಾಮ್ ಅಲ್ಲ, ದಾರಿ ಉದ್ದ ಆದದ್ದು. ಫೈಬರ್‌ನಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿ.ಮೀ. ಓಡುತ್ತದೆ. ಹೋಗಿ ಬರುವುದು ಸೇರಿದರೆ 1 ಮಿಲಿಸೆಕೆಂಡ್ ಅಂದರೆ ಸುಮಾರು 100 ಕಿ.ಮೀ. ದಾರಿ. 16 ಮಿಲಿಸೆಕೆಂಡ್ ಜಾಸ್ತಿ ಅಂದರೆ ಹೋಗುವಾಗಲೂ ಬರುವಾಗಲೂ ಸುತ್ತಿದ್ದರೆ ಸುಮಾರು 1600 ಕಿ.ಮೀ. ಸುತ್ತು, ಒಂದೇ ಕಡೆ ಆಗಿದ್ದರೆ ಅದರ ಎರಡರಷ್ಟು. ಹೋಗುವ ದಾರಿ ಸುತ್ತಿತೋ, ಬರುವ ದಾರಿ ಸುತ್ತಿತೋ, ಯಾವ ಊರು ಸುತ್ತಿತೋ ಪಿಂಗ್ ಗ್ರಾಫಿನಿಂದ ಹೇಳಲು ಬರುವುದಿಲ್ಲ. ಮೊದಲ ಹಾಪ್ ಮತ್ತು ಮುಂಬೈ ಡಿಎನ್‌ಎಸ್‌ನ ಗ್ರಾಫ್‌ನಲ್ಲಿ ಈ ಮೆಟ್ಟಿಲು ಇರಲಿಲ್ಲ. ಹಾಗಾಗಿ ಬದಲಾವಣೆ ಆಫೀಸಿನ ಹತ್ತಿರದ್ದಲ್ಲ, ಮುಂಬೈ ದಾಟಿದ ಮೇಲಿನದು ಅನ್ನುವಷ್ಟು ಖಚಿತ.

ಸಮಯ ಗ್ರಾಫ್ ಪ್ರಕಾರ ಭಾನುವಾರ ರಾತ್ರಿ 10:30ರ ಆಸುಪಾಸು. 4:30 ಕೂಡಿಸಿದರೆ ಸೋಮವಾರ ಬೆಳಗಿನ ಜಾವ 3 ಗಂಟೆ. 10 ದಿನದ ಗ್ರಾಫಿನಿಂದ ಇದಕ್ಕಿಂತ ಸೂಕ್ಷ್ಮವಾಗಿ ಓದಲು ಆಗುವುದಿಲ್ಲ. ಮೂಲ ಚಿತ್ರದ ಅಗಲ 600 ಪಿಕ್ಸೆಲ್, 10 ದಿನ ಅಂದರೆ 14,400 ನಿಮಿಷ. ಒಂದು ಪಿಕ್ಸೆಲ್‌ಗೆ 24 ನಿಮಿಷ. ಆ 24 ನಿಮಿಷದ ಅಳತೆಗಳ ಸರಾಸರಿ ಮಾಡಿ ಒಂದು ಚುಕ್ಕೆ ಹಾಕಿರುತ್ತದೆ. ಫೋನಿನಲ್ಲಿ ಎಷ್ಟು ಝೂಮ್ ಮಾಡಿದರೂ ಚುಕ್ಕೆ ದೊಡ್ಡದಾಗುತ್ತದೆ ಅಷ್ಟೇ, ಒಳಗಿನ ನಿಮಿಷಗಳು ಬಿಚ್ಚಿಕೊಳ್ಳುವುದಿಲ್ಲ. ಸರಾಸರಿಯಿಂದ ಇನ್ನೊಂದು ಮೋಸವೂ ಆಗುತ್ತದೆ. 5 ನಿಮಿಷ ಪೂರ್ತಿ ನೆಟ್ ಹೋಗಿದ್ದರೂ ಈ ಗ್ರಾಫ್‌ನಲ್ಲಿ ಅದು 20 ಪರ್ಸೆಂಟಿನ ಹಾಗೆ ಕಾಣುತ್ತದೆ.

25 ಇದ್ದದ್ದು 41 ಆದರೆ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಕೂತವರಿಗೆ ಗೊತ್ತೇ ಆಗುವುದಿಲ್ಲ. ಬಿಲ್‌ಗೆ ಹತ್ತು ನಿಮಿಷ ಹಿಡಿಯಲು ಇದು ಕಾರಣ ಆಗಲು ಸಾಧ್ಯವಿಲ್ಲ. ಅಕ್ಕನನ್ನು ಮತ್ತೆ ಕೇಳಿದೆ, "ಸೋಮವಾರ, ಮಂಗಳವಾರ ಬಿಲ್ ಮಾಡುವಾಗ ನಿಜವಾಗಿ ತೊಂದರೆ ಆಯ್ತಾ?" ಅವರು ನೆನಪಿಸಿಕೊಂಡು, "ಇಲ್ಲ, ಮಂಗಳವಾರ ಐವತ್ತರ ಮೇಲೆ ಬಿಲ್ ಆಗಿದೆ. ಇವತ್ತೇ ಕಷ್ಟ ಆದದ್ದು" ಅಂದರು.

ಹಾಗಾದರೆ ಹುಡುಕಬೇಕಾದ್ದು ಮಂಗಳವಾರ ಸಂಜೆ ಅಂಗಡಿ ಮುಚ್ಚಿದ್ದಕ್ಕೂ ಬುಧವಾರ ಬೆಳಿಗ್ಗೆ ತೆರೆದದ್ದಕ್ಕೂ ನಡುವೆ.

ನಾಲ್ಕು ಗ್ರಾಫ್ ಒಂದರ ಕೆಳಗೊಂದು

ಬುಧವಾರ ಬೆಳಗಿನ ನಾಲ್ಕು 30 ಗಂಟೆ ಗ್ರಾಫ್‌ಗಳನ್ನು ಚಿತ್ರ ತಿದ್ದುವ ಗಿಂಪ್‌ನಲ್ಲಿ ಒಂದರ ಕೆಳಗೊಂದು ಜೋಡಿಸಿದೆ. ಎಡ ಅಂಚುಗಳು ಒಂದೇ ಸಾಲಿಗೆ ಬರುವ ಹಾಗೆ. ಮೇಲೆ ರೌಟರ್, ಕೆಳಗೆ ಬೆಂಗಳೂರು.

ಮೊದಲ ನೋಟಕ್ಕೆ ರೌಟರ್‌ನ ಗ್ರಾಫೇ ಎಲ್ಲಕ್ಕಿಂತ ಕೆಟ್ಟದಾಗಿ ಕಾಣುತ್ತಿತ್ತು. ಗೆರೆ ಗರಗಸದ ಹಲ್ಲಿನ ಹಾಗೆ ಕುಣಿಯುತ್ತಿತ್ತು. ಆದರೆ ಎಡಗಡೆಯ ಅಂಕಿ ನೋಡಿದರೆ `400 u`, `600 u` ಅಂತ ಇತ್ತು. ಅಲ್ಲಿ `u` ಅಂದರೆ ಮೈಕ್ರೋಸೆಕೆಂಡ್. ಬೆಂಗಳೂರಿನ ಗ್ರಾಫ್‌ನಲ್ಲಿ `20 m`, `40 m` ಇತ್ತು, ಅದು ಮಿಲಿಸೆಕೆಂಡ್. ಪ್ರತಿ ಗ್ರಾಫೂ ತನ್ನ ಗೆರೆಗೆ ಹೊಂದುವ ಹಾಗೆ ತಾನೇ ಅಳತೆ ಹಿಗ್ಗಿಸಿಕೊಳ್ಳುತ್ತದೆ. ರೌಟರ್‌ನ ಆ ಕುಣಿತ ಅರ್ಧ ಮಿಲಿಸೆಕೆಂಡಿನೊಳಗಿನದು, ಲೆಕ್ಕಕ್ಕಿಲ್ಲ. ಗೆರೆ ಉದ್ದಕ್ಕೂ ಹಸಿರು. ಕೆಳಗಿನ ಸಾಲಿನಲ್ಲಿ ಪ್ಯಾಕೆಟ್ ಲಾಸ್, ಅಂದರೆ ವಾಪಸ್ ಬಾರದವುಗಳ ಪ್ರಮಾಣ, ಸರಾಸರಿ 0.00.

ಎರಡನೆಯ ಗ್ರಾಫ್, ಮೊದಲ ಹಾಪ್. ಮಧ್ಯಾಹ್ನದ ಒಂದು ಗುಡ್ಡ ಬಿಟ್ಟರೆ ಗೆರೆ 2 ಮಿಲಿಸೆಕೆಂಡ್‌ನಲ್ಲಿ ನೆಟ್ಟಗಿದೆ. ಮೂರರಲ್ಲಿ ಎರಡು ಪಾಲು ಹಸಿರು. ಒಂದು ಜಾಗದಿಂದ ಬಣ್ಣ ನೀಲಿ. ಎತ್ತರ ಒಂದಿಷ್ಟೂ ಬದಲಾಗಿಲ್ಲ, ಬರೀ ಬಣ್ಣ ಬದಲಾಗಿದೆ. ಅಲ್ಲಿಂದ ಬಲ ಅಂಚಿನವರೆಗೂ ನೀಲಿಯೇ, ನಡುನಡುವೆ ತಿಳಿನೀಲಿ, ಅಲ್ಲೊಂದು ಇಲ್ಲೊಂದು ನೇರಳೆ ಚುಕ್ಕೆ. ಮುಂಬೈ ಡಿಎನ್‌ಎಸ್‌ನಲ್ಲೂ ಅದೇ ಜಾಗದಿಂದ. ಬೆಂಗಳೂರಿನಲ್ಲೂ ಅದೇ ಜಾಗದಿಂದ. ಗಿಂಪ್‌ನಲ್ಲಿ ಒಂದು ನೆಟ್ಟನೆ ಲಂಬ ಗೆರೆ ಎಳೆದೆ. ಮೂರೂ ಗ್ರಾಫ್‌ಗಳ ಹಸಿರು-ನೀಲಿ ಗಡಿಯನ್ನು ಅದು ಮುಟ್ಟಿಕೊಂಡು ಹೋಯಿತು. ರೌಟರ್‌ನ ಗ್ರಾಫ್‌ನಲ್ಲಿ ಮಾತ್ರ ಆ ಜಾಗದಲ್ಲಿ ಏನೂ ಇರಲಿಲ್ಲ.

"ಎಲ್ಲಿ" ಅನ್ನುವುದಕ್ಕೆ ಉತ್ತರ ಅಲ್ಲೇ ಸಿಕ್ಕಿತು. ರೌಟರ್‌ವರೆಗೆ ಸರಿ ಇದೆ, ಮೊದಲ ಹಾಪ್‌ನಿಂದ ಮುಂದೆ ಎಲ್ಲದರಲ್ಲೂ ಒಂದೇ ಪ್ರಮಾಣದ ಲಾಸ್ ಇದೆ. ಬೀಳುತ್ತಿರುವುದು ಆ ಎರಡರ ನಡುವೆ. ಮುಂದೆ ಇನ್ನೂ ಎಲ್ಲಾದರೂ ಬೀಳುತ್ತಿದ್ದರೆ ಬೆಂಗಳೂರಿನ ಲಾಸ್ ಜಾಸ್ತಿ ಇರಬೇಕಿತ್ತು. ಕೆಳಗಿನ ಸಾಲಿನ ಸರಾಸರಿಗಳು 3.41, 3.38, 3.45. ಮೂರೂ ಒಂದೇ ಅನ್ನಬಹುದು.

ಏನು ಆಗಿರಬಹುದು ಅನ್ನುವುದಕ್ಕೂ ಗೆರೆಯ ಆಕಾರ ಸುಳಿವು ಕೊಡುತ್ತದೆ. ಇದೇ ಗ್ರಾಫ್‌ಗಳಲ್ಲಿ ಮಂಗಳವಾರ ಮಧ್ಯಾಹ್ನ ಮೂರೂವರೆಯಿಂದ ನಾಲ್ಕೂಕಾಲರವರೆಗೆ ಒಂದು ಗುಡ್ಡ ಇತ್ತು. ಗೆರೆ 2ರಿಂದ 120 ಮಿಲಿಸೆಕೆಂಡ್‌ಗೆ ಏರಿ, ಸುತ್ತ ದಟ್ಟ ಹೊಗೆ ತುಂಬಿ, ಮತ್ತೆ ಇಳಿದಿತ್ತು. ಅದು ಆಫೀಸಿನ ಬ್ಯಾಕಪ್ ಅಪ್‌ಲೋಡ್ ಆಗುವ ಹೊತ್ತು. ಲೈನ್ ತುಂಬಿದಾಗ ಪ್ಯಾಕೆಟ್‌ಗಳು ರೌಟರ್‌ನಲ್ಲಿ ಕ್ಯೂ ನಿಲ್ಲುತ್ತವೆ, ಅದಕ್ಕೆ ಸಮಯ ಏರುತ್ತದೆ. 10 ದಿನದ ಗ್ರಾಫ್‌ನಲ್ಲೂ ಭಾನುವಾರ ಬಿಟ್ಟು ಪ್ರತಿದಿನ ಅದೇ ಹೊತ್ತಿಗೆ ಗುಡ್ಡ ಇದೆ, ಹಳೆಯದು. ಹೊಸ ತೊಂದರೆ ಹಾಗಿಲ್ಲ. ಸಮಯ ಒಂದಿಷ್ಟೂ ಏರದೆ ಪ್ಯಾಕೆಟ್ ಮಾತ್ರ ಕಾಣೆಯಾಗುತ್ತಿದೆ, ನಡುರಾತ್ರಿ ಯಾರೂ ಇಲ್ಲದಾಗಲೂ ಅಷ್ಟೇ ಪ್ರಮಾಣದಲ್ಲಿ. ಕ್ಯೂ ಇಲ್ಲದೆ ಬೀಳುವುದು ಅಂದರೆ ನನ್ನ ಮೊದಲ ಅನುಮಾನ ಯಾವಾಗಲೂ ವೈರು, ಕನೆಕ್ಟರ್, ಪೋರ್ಟ್ ಮೇಲೆ.

ಪಿಕ್ಸೆಲ್ ಎಣಿಸಿ ಸಮಯ

ಈಗ "ಯಾವಾಗ". ಗ್ರಾಫಿನ ಕೆಳಗೆ ಎರಡೇ ಸಮಯ ಬರೆದಿತ್ತು, `Tue 12:00` ಮತ್ತು `Wed 00:00`. ಗಿಂಪ್‌ನಲ್ಲಿ ಮೌಸ್ ಇಟ್ಟ ಕಡೆಯ ಪಿಕ್ಸೆಲ್ ಸಂಖ್ಯೆ ಕೆಳಗಡೆ ಕಾಣುತ್ತದೆ. ಮೊದಲನೆಯದರ ಗೆರೆ 456ರಲ್ಲಿ, ಎರಡನೆಯದು 840ರಲ್ಲಿ. ನಡುವೆ 384 ಪಿಕ್ಸೆಲ್, ಅದು 12 ಗಂಟೆ. ಅಂದರೆ ಗಂಟೆಗೆ 32 ಪಿಕ್ಸೆಲ್. ಬಣ್ಣ ಬದಲಾಗುವ ಜಾಗ 722.

```
(722 - 456) / 32 = 8.31 ಗಂಟೆ
12:00 + 8:19     = 20:19  (ಗ್ರಾಫಿನ ಸಮಯ, ಮಂಗಳವಾರ)
20:19 + 4:30     = 00:49  (ನಮ್ಮ ಸಮಯ, ಬುಧವಾರ)
```

ಮಂಗಳವಾರ ಮಲಗಿ ಬುಧವಾರ ಏಳುವ ನಡುವಿನ 00:49. ಟೈಮ್‌ಝೋನ್ ಗಮನಿಸದೆ ಹೋಗಿದ್ದರೆ ನಾನೂ "ಮಂಗಳವಾರ ರಾತ್ರಿ ಎಂಟೂ ಇಪ್ಪತ್ತು" ಅಂತಲೇ ಹೇಳುತ್ತಿದ್ದೆ, ನೆಟ್‌ನವರು ಮತ್ತೊಮ್ಮೆ ಏನೂ ಸಿಗದೆ ವಾಪಸ್ ಬರುತ್ತಿದ್ದರು.

00:49 ಅನ್ನುವುದು ನಿಮಿಷದ ಮಟ್ಟಿಗೆ ನಿಜ ಅಲ್ಲ. ಅಳತೆಯೇ 5 ನಿಮಿಷಕ್ಕೊಂದು. ಅದರ ಮೇಲೆ, ಸ್ಮೋಕ್‌ಪಿಂಗ್ ಡೇಟಾ ಇಡುವ ಆರ್‌ಆರ್‌ಡಿ ಫೈಲು ಅಳತೆಗಳನ್ನು ಸರಿಯಾದ 5 ನಿಮಿಷದ ಮನೆಗಳಿಗೆ ಹಂಚಿ ಇಡುತ್ತದೆ. ಹಾಗಾಗಿ ಚೂಪಾದ ಅಂಚು ಕೂಡ ಎರಡು ಮನೆಗಳಿಗೆ ಸ್ವಲ್ಪ ಹರಡಿಕೊಳ್ಳುತ್ತದೆ. ಹತ್ತು ನಿಮಿಷ ಆಚೀಚೆ ಅಂತ ಇಟ್ಟುಕೊಳ್ಳುವುದು ಸುರಕ್ಷಿತ.

ಕಣ್ಣಿನ ಮೇಲೆ ಪೂರ್ತಿ ಭರವಸೆ ಬೇಡ ಅಂತ ಇನ್ನೊಂದು ದಾರಿಯಲ್ಲಿ ಲೆಕ್ಕ ಹಾಕಿದೆ. ಈ ಲೆಕ್ಕ ನನಗೆ ಬಹಳ ಇಷ್ಟ, ಯಾಕೆಂದರೆ ಇದಕ್ಕೆ ಚಿತ್ರವೇ ಬೇಡ. ಮೊದಲ ಹಾಪ್‌ನ ಗ್ರಾಫ್ ಕೆಳಗೆ 30 ಗಂಟೆಯ ಸರಾಸರಿ ಲಾಸ್ 3.41 ಪರ್ಸೆಂಟ್ ಅಂತ ಇದೆ. ನೀಲಿ ಭಾಗದಲ್ಲಿ ಲಾಸ್ ಹೆಚ್ಚುಕಡಿಮೆ 20ಕ್ಕೆ 2, ಅಂದರೆ 10 ಪರ್ಸೆಂಟ್. ಅದಕ್ಕೆ ಮೊದಲು ಸೊನ್ನೆ. ಹಾಗಾದರೆ 10 ಪರ್ಸೆಂಟ್ ಎಷ್ಟು ಗಂಟೆ ಇದ್ದರೆ 30 ಗಂಟೆಯ ಸರಾಸರಿ 3.41 ಆಗುತ್ತದೆ? 30 × 3.41 / 10, ಸುಮಾರು 10 ಗಂಟೆ 14 ನಿಮಿಷ. ಬಲ ಅಂಚು ನಮ್ಮ ಸಮಯದಲ್ಲಿ 11:00. ಅದರಿಂದ ಹಿಂದೆ ಹೋದರೆ 00:46. ಎರಡು ಬೇರೆ ದಾರಿ, ಮೂರು ನಿಮಿಷದ ಅಂತರ. ಲಾಸ್ ಒಂದೇ ಸಮನೆ ಇದ್ದಾಗ ಮಾತ್ರ ಈ ಲೆಕ್ಕ ನಡೆಯುತ್ತದೆ. ಏರಿಳಿತ ಇದ್ದರೆ ಇದನ್ನು ನಂಬಬಾರದು.

ನಾಲ್ಕನೆಯ ಹಾಪ್‌ನ 61 ಪರ್ಸೆಂಟ್

ಹನ್ನೊಂದರಲ್ಲಿ ಒಂದು ಸ್ಕ್ರೀನ್‌ಶಾಟ್ ಗ್ರಾಫ್ ಅಲ್ಲ. ಆಫೀಸಿನ ಒಂದು ಕಂಪ್ಯೂಟರ್‌ನಿಂದ ಬುಧವಾರ ಮಧ್ಯಾಹ್ನ ಯಾರೋ ಬೆಂಗಳೂರು ಸರ್ವರ್‌ಗೆ ಓಡಿಸಿದ ಎಂಟಿಆರ್, ಅಂದರೆ ದಾರಿಯ ಪ್ರತಿ ಹಾಪ್‌ನಿಂದ ಎಷ್ಟು ಉತ್ತರ ಬರಲಿಲ್ಲ ಅಂತ ಸಾಲುಸಾಲಾಗಿ ತೋರಿಸುವ ಪ್ರೋಗ್ರಾಮ್. ಅದರ ಮೇಲೆ ಕೆಂಪು ಶಾಯಿಯಲ್ಲಿ ನಾಲ್ಕನೆಯ ಸಾಲಿಗೆ ಸುತ್ತು ಹಾಕಿ "ಇಲ್ಲೇ ಪ್ರಾಬ್ಲೆಮ್" ಅಂತ ಬರೆದಿತ್ತು. ಅಂಕಿಗಳನ್ನು ಟೈಪ್ ಮಾಡಿ ಹಾಕುತ್ತೇನೆ, ವಿಳಾಸ ಬದಲಾಯಿಸಿದ್ದೇನೆ.

```
Host               Loss%   Snt    Avg
1. 192.168.1.1      0.0%   200    0.6
2. 10.20.0.1        9.5%   200    2.1
3. 10.20.8.5       10.0%   200    2.9
4. 10.20.40.9      61.5%   200    3.4
5. 203.0.113.9     10.5%   200   40.2
6. 203.0.113.50     9.0%   200   41.3
```

61.5 ನೋಡಿದರೆ ಯಾರ ಕಣ್ಣಾದರೂ ಅಲ್ಲಿಗೇ ಹೋಗುತ್ತದೆ. ಆದರೆ ನಾಲ್ಕರಲ್ಲಿ ನಿಜವಾಗಿ 61 ಪರ್ಸೆಂಟ್ ಬೀಳುತ್ತಿದ್ದರೆ ಐದಕ್ಕೆ, ಆರಕ್ಕೆ ತಲುಪುವುದು ಹೇಗೆ? ಅವುಗಳ ಪ್ಯಾಕೆಟ್‌ಗಳೂ ನಾಲ್ಕನ್ನು ದಾಟಿಯೇ ಹೋಗಬೇಕು. ದೊಡ್ಡ ರೌಟರ್‌ಗಳು ತಮ್ಮ ಮೂಲಕ ಹೋಗುವ ಪ್ಯಾಕೆಟ್‌ಗಳನ್ನು ದಾಟಿಸುವ ಕೆಲಸವನ್ನು ಹಾರ್ಡ್‌ವೇರ್‌ನಲ್ಲೇ ಮಾಡುತ್ತವೆ. ಎಂಟಿಆರ್‌ಗೆ ತಾವೇ ಉತ್ತರ ಬರೆಯಬೇಕಾದಾಗ ಮಾತ್ರ ಸೆಕೆಂಡಿಗೆ ಇಷ್ಟೇ ಅಂತ ಮಿತಿ ಇಟ್ಟುಕೊಂಡಿರುತ್ತವೆ. ನಾಲ್ಕನೆಯದು ಉತ್ತರ ಕೊಡುವುದನ್ನು ಕಡಿಮೆ ಮಾಡಿದೆ, ದಾಟಿಸುವುದನ್ನಲ್ಲ. ಎಂಟಿಆರ್ ಓದುವಾಗ ಲಾಸ್ ಯಾವ ಸಾಲಿನಿಂದ ಶುರುವಾಗಿ ಕೊನೆಯ ಸಾಲಿನವರೆಗೂ ಉಳಿಯುತ್ತದೆ ಅಂತ ನೋಡಬೇಕು. ಇಲ್ಲಿ ಎರಡರಿಂದ ಶುರು, ಆರರವರೆಗೂ ಇದೆ. 9.0, 9.5, 10.5 ನಡುವಿನ ವ್ಯತ್ಯಾಸಕ್ಕೆ ಅರ್ಥ ಇಲ್ಲ, 200 ಪ್ಯಾಕೆಟ್‌ನಲ್ಲಿ ಅಷ್ಟು ಆಚೀಚೆ ಸಹಜ.

ಗ್ರಾಫ್ ಹೇಳಿದ್ದನ್ನೇ ಇದೂ ಹೇಳಿತು. ಇಲ್ಲಿನ ಎರಡನೆಯ ಸಾಲು, ಅಂದರೆ ನೆಟ್‌ನವರ ಆ ಮೊದಲ ಹಾಪ್ ಕೂಡ ಸುಮ್ನೆ ಉತ್ತರ ಕಡಿಮೆ ಮಾಡುತ್ತಿರಬಹುದು ಅಂತ ಯಾರಾದರೂ ಕೇಳಿದರೆ ಅದಕ್ಕೂ ಉತ್ತರ ಇದೆ. ಅದು ಮೂರು ತಿಂಗಳು ಒಂದೂ ಪಿಂಗ್ ಬಿಡದೆ ಉತ್ತರ ಕೊಟ್ಟಿದೆ, ಮತ್ತು ಕೊನೆಯ ಸರ್ವರ್‌ವರೆಗೂ ಅಷ್ಟೇ ಲಾಸ್ ಉಳಿದಿದೆ.

ಗುರುವಾರ, ವಾಶಿ

ರಾತ್ರಿಯೇ ನೆಟ್‌ನವರ ಇಂಜಿನಿಯರ್‌ಗೆ ಮೆಸೇಜ್ ಕಳಿಸಿದೆ. ಜೋಡಿಸಿದ ನಾಲ್ಕು ಗ್ರಾಫ್, ನಡುವೆ ಲಂಬ ಗೆರೆ, ಕೆಳಗೆ ಇಷ್ಟೇ: ಬುಧವಾರ ಬೆಳಗಿನ ಜಾವ 00:40ರಿಂದ 00:55ರ ನಡುವೆ ಶುರು, ಭಾರತೀಯ ಸಮಯ. ನಮ್ಮ ರೌಟರ್ ಮತ್ತು ನಿಮ್ಮ ಮೊದಲ ಹಾಪ್ ನಡುವೆ. ಲಾಸ್ 10 ಪರ್ಸೆಂಟ್, ಸಮಯ ಏರಿಲ್ಲ. ಸೋಮವಾರ ಹೇಳಿದ್ದು ತಪ್ಪು, ದಯವಿಟ್ಟು ಅದನ್ನು ಬಿಡಿ.

ಬೆಳಿಗ್ಗೆ ಚೆಂಬೂರಿನಿಂದ ಹಾರ್ಬರ್ ಲೈನ್ ಹಿಡಿದು ವಾಶಿಗೆ ಹೊರಟೆ. ಮಾನ್‌ಖುರ್ದ್ ದಾಟಿ ಖಾರಿ ಮೇಲೆ ರೈಲು ಹೋಗುವಾಗ ಆಚೆ ದಡ ಕಾಣದಷ್ಟು ಮಳೆ. ಅಲ್ಲೇ ಇಂಜಿನಿಯರ್ ಉತ್ತರ ಬಂತು. ಬಿಲ್ಡಿಂಗಿನ ಸ್ವಿಚ್‌ನ ಲಾಗ್ ನೋಡಿದ್ದರು. ಭಾವನ ಆಫೀಸಿನ ಪೋರ್ಟ್ ಬುಧವಾರ 00:46ಕ್ಕೆ ಒಮ್ಮೆ ಡೌನ್ ಆಗಿ ಮತ್ತೆ ಅಪ್ ಆಗಿದೆ. ಅಂದಿನಿಂದ ಸಿಆರ್‌ಸಿ ಎರರ್ ಏರುತ್ತಲೇ ಇದೆ. ಸಿಆರ್‌ಸಿ ಎರರ್ ಅಂದರೆ ಫ್ರೇಮ್ ಬಂದಿದೆ, ಆದರೆ ಒಳಗಿನ ಬಿಟ್‌ಗಳು ಕೆಟ್ಟಿವೆ, ಹಾಗಾಗಿ ಸ್ವಿಚ್ ಅದನ್ನು ಎಸೆದಿದೆ. ಸೋಮವಾರದ ಲಾಗ್‌ನಲ್ಲಿ ಹುಡುಕಿದ್ದರೆ ಇದು ಸಿಗುತ್ತಲೇ ಇರಲಿಲ್ಲ.

ಆಫೀಸಿಗೆ ಹೋಗಿ ಲ್ಯಾಪ್‌ಟಾಪ್ ಸಿಗಿಸಿ 56 ಬೈಟಿನದೊಂದು, 1400 ಬೈಟಿನದೊಂದು, ಎರಡು ಪಿಂಗ್ ಓಡಿಸಿದೆ.

```
ping -c 200 -i 0.2 -s 56   10.20.0.1
ping -c 200 -i 0.2 -s 1400 10.20.0.1
```

ಮೊದಲನೆಯದರಲ್ಲಿ ಲಾಸ್ 10 ಪರ್ಸೆಂಟ್. ಎರಡನೆಯದರಲ್ಲಿ 46. ಬಿಟ್ ಕೆಡುವ ಲೈನಿನ ಗುರುತು ಇದೇ. ಪ್ಯಾಕೆಟ್ ಉದ್ದ ಇದ್ದಷ್ಟೂ ಅದರಲ್ಲಿ ಎಲ್ಲಾದರೂ ಒಂದು ಬಿಟ್ ಕೆಡುವ ಸಾಧ್ಯತೆ ಜಾಸ್ತಿ. ಸ್ಮೋಕ್‌ಪಿಂಗ್ ಕಳಿಸುವುದು 56 ಬೈಟಿನ ಸಣ್ಣ ಪಿಂಗ್, ಅದಕ್ಕೇ ಗ್ರಾಫ್‌ನಲ್ಲಿ 10 ಪರ್ಸೆಂಟ್ ಮಾತ್ರ ಕಂಡಿತ್ತು. ರಿಮೋಟ್ ಡೆಸ್ಕ್‌ಟಾಪ್‌ನ ಪರದೆ ಬರುವುದು ದೊಡ್ಡ ಪ್ಯಾಕೆಟ್‌ಗಳಲ್ಲಿ, ಅವುಗಳಲ್ಲಿ ಬಹಳಷ್ಟು ಬಿದ್ದು ಮತ್ತೆ ಮತ್ತೆ ಕಳಿಸಬೇಕಾಗುತ್ತಿತ್ತು. ಅಕ್ಕ ಒಂದು ಬಿಲ್‌ಗೆ ಹತ್ತು ನಿಮಿಷ ಕಾದದ್ದು ಹಾಗೆ.

ಲೈನ್‌ಮ್ಯಾನ್ ಹನ್ನೆರಡಕ್ಕೆ ಬಂದ. ಫೈಬರ್ ಟೆರೇಸಿನ ಡಬ್ಬಿಯ ಸ್ವಿಚ್‌ವರೆಗೆ ಬರುತ್ತದೆ, ಅಲ್ಲಿಂದ ಆಫೀಸಿಗೆ ಹೊರಗೋಡೆ ಮೇಲೆ ಲ್ಯಾನ್ ಕೇಬಲ್ ಇಳಿದು, ಮೊದಲ ಮಹಡಿಯ ಮೆಟ್ಟಿಲ ಪಕ್ಕ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಜಾಯಿಂಟ್ ಆಗುತ್ತದೆ. ಡಬ್ಬಿ ಬಿಚ್ಚಿದಾಗ ತಳದಲ್ಲಿ ಒಂದು ಚಮಚದಷ್ಟು ನೀರು. ಕೇಬಲ್ ಮೇಲಿನಿಂದ ನೆಟ್ಟಗೆ ಡಬ್ಬಿಯೊಳಗೆ ಇಳಿದಿತ್ತು, ಮಳೆನೀರು ಅದರ ಮೈ ಹಿಡಿದೇ ಒಳಗೆ ಬಂದಿತ್ತು. ಕನೆಕ್ಟರ್ ಎಳೆದು ಟಾರ್ಚ್ ಬೆಳಕಿಗೆ ಹಿಡಿದ. ಎಂಟು ಪಿನ್‌ಗಳಲ್ಲಿ ಆರು ಹೊಳೆಯುತ್ತಿದ್ದವು, ಎರಡರ ಮೇಲೆ ಪಾಚಿಯ ಹಾಗೆ ಹಸಿರು ಕಿಲುಬು. ಉಗುರಿನಿಂದ ಕೆರೆದರೆ ಪುಡಿ ಉದುರಿತು.

ಆತ ಕೇಬಲ್‌ನ ತುದಿ ಒಂದು ಗೇಣು ಕತ್ತರಿಸಿ ಹೊಸ ಕನೆಕ್ಟರ್ ಕ್ರಿಂಪ್ ಮಾಡಿದ, ಜಾಯಿಂಟರ್ ಬದಲಾಯಿಸಿದ. ಡಬ್ಬಿಯನ್ನು ಒಂದಡಿ ಮೇಲೆ ಹೊಡೆಸಿದೆವು. ಕೇಬಲ್ ಮೊದಲು ಡಬ್ಬಿಗಿಂತ ಕೆಳಗೆ ಇಳಿದು, ಮತ್ತೆ ಮೇಲೇರಿ ತಳದ ತೂತಿನಿಂದ ಒಳಗೆ ಹೋಗುವ ಹಾಗೆ ಮಾಡಿದೆವು. ಈಗ ನೀರು ಬಾಗಿನ ತಳದಲ್ಲೇ ತೊಟ್ಟಿಕ್ಕುತ್ತದೆ. 1400 ಬೈಟಿನ ಪಿಂಗ್ ಮತ್ತೆ ಓಡಿಸಿದೆ. 200ಕ್ಕೆ 200 ವಾಪಸ್ ಬಂದವು. ಒಳಗಿನಿಂದ ಅಕ್ಕ, "ಆಯ್ತಾ? ಬಿಲ್ ಓಡ್ತಾ ಉಂಟು" ಅಂತ ಕೂಗಿದರು.

ಪೈಗೆ ಹೊಸ ಎಸ್‌ಡಿ ಕಾರ್ಡ್ ಹಾಕಿ, ಬೇರೇನೂ ಮಾಡುವ ಮೊದಲು ಇದನ್ನು ಕೊಟ್ಟೆ:

```
sudo timedatectl set-timezone Asia/Kolkata
```

ಸ್ಮೋಕ್‌ಪಿಂಗ್‌ನಲ್ಲಿ `step = 300` ಇದ್ದದ್ದನ್ನು `step = 60` ಮಾಡಿದೆ, ಇನ್ನುಮುಂದೆ ಶುರುವಾದ ಸಮಯ ನಿಮಿಷ ಎರಡು ನಿಮಿಷದೊಳಗೆ ಸಿಗಲಿ ಅಂತ. ಹಳೆಯ ಡೇಟಾ ಇದ್ದಿದ್ದರೆ ಇದು ಇಷ್ಟು ಸುಲಭ ಇರುತ್ತಿರಲಿಲ್ಲ. ಆರ್‌ಆರ್‌ಡಿ ಫೈಲಿನ ಅಂತರ ಹುಟ್ಟುವಾಗಲೇ ನಿಗದಿಯಾಗುತ್ತದೆ, ಬದಲಾಯಿಸಬೇಕಾದರೆ ಫೈಲ್ ಹೊಸದಾಗಿ ಶುರು ಮಾಡಬೇಕು, ಇಲ್ಲವೇ ಹಳೆಯದನ್ನು ಪರಿವರ್ತಿಸಬೇಕು. ಮೊದಲ ಹಾಪ್‌ಗೆ 1400 ಬೈಟಿನ ಪಿಂಗ್‌ನ ಐದನೆಯ ಗುರಿಯೊಂದನ್ನೂ ಸೇರಿಸಿದೆ. ಪ್ರತಿ ರಾತ್ರಿ ಡೇಟಾ ಫೋಲ್ಡರ್ ಆಫೀಸಿನ ಕಂಪ್ಯೂಟರ್‌ಗೆ ಕಾಪಿ ಆಗುವ ಹಾಗೆ ಮಾಡಿದೆ.

ಶುಕ್ರವಾರ ಬೆಳಿಗ್ಗೆ 9:10ಕ್ಕೆ ಅಕ್ಕನಿಂದ ಐದು ಸ್ಕ್ರೀನ್‌ಶಾಟ್ ಬಂತು, ಡಾಕ್ಯುಮೆಂಟ್ ಅಂತಲೇ. ಬಲ ಅಂಚು 9:09. ಐದೂ ಗೆರೆ ರಾತ್ರಿಯಿಡೀ ಹಸಿರು. ಬೆಂಗಳೂರಿನದು ಇನ್ನೂ 41ರಲ್ಲೇ ಇದೆ.